ಪರೀಕ್ಷೆ ಹೊತ್ತಿಗೆ ಕಾಯಿಲೆ ಬಿದ್ದರೆ: ದಿನಾಂಕ ಕೇಳೋದಾ, ಕೊಠಡಿ ಕೇಳೋದಾ?

2022ರ ಜನವರಿಯಲ್ಲಿ ಕೋವಿಡ್ ಮೂರನೇ ಅಲೆ ಜೋರಾಗಿತ್ತು. ಯುಪಿಎಸ್‌ಸಿ ಮುಖ್ಯ ಪರೀಕ್ಷೆ ಆ ತಿಂಗಳ 7ಕ್ಕೆ ಶುರುವಾಗಿ 16ಕ್ಕೆ ಮುಗಿಯಿತು. ಅದೇ ಹೊತ್ತಿಗೆ ಮೂವರು ಅಭ್ಯರ್ಥಿಗಳಿಗೆ ಪಾಸಿಟಿವ್ ಬಂತು. ಇಬ್ಬರು ಮೊದಲ ಕೆಲವು ಪತ್ರಿಕೆ ಬರೆದಿದ್ದರು, ಉಳಿದವನ್ನು ಬಿಡಬೇಕಾಯಿತು. ಮೂರನೆಯವರಿಗೆ ಒಂದು ಪತ್ರಿಕೆಯನ್ನೂ ಬರೆಯಲಾಗಲಿಲ್ಲ. ಮೂವರ ಕೈಯಲ್ಲೂ ಆರ್‌ಟಿ-ಪಿಸಿಆರ್ ವರದಿ ಇತ್ತು. ಇದಕ್ಕಿಂತ ಗಟ್ಟಿ ದಾಖಲೆ ಯಾವ ಕಾಯಿಲೆಗೂ ಸಿಗೋದು ಕಷ್ಟ.

ಅವರು ಸುಪ್ರೀಂ ಕೋರ್ಟಿಗೆ ಹೋದರು. ಮತ್ತೊಂದು ಅವಕಾಶ ಕೊಡಿ, ಇಲ್ಲವೇ ಬಿಟ್ಟುಹೋದ ಪತ್ರಿಕೆಗಳನ್ನಾದರೂ ಬರೆಯಲು ಬಿಡಿ ಅಂತ ಕೇಳಿದರು. ಯುಪಿಎಸ್‌ಸಿ ಕೊಟ್ಟ ಉತ್ತರದಲ್ಲಿ ಮುಚ್ಚುಮರೆ ಇರಲಿಲ್ಲ. ಕಾಯಿಲೆಯಿರಲಿ, ಅಪಘಾತವಿರಲಿ, ಯಾವ ಕಾರಣಕ್ಕೆ ಗೈರಾದರೂ ಮರುಪರೀಕ್ಷೆ ನಡೆಸುವ ನಿಯಮವೇ ನಮ್ಮಲ್ಲಿಲ್ಲ ಎಂದಿತು. ಸಂಸತ್ತಿನ ಸ್ಥಾಯಿ ಸಮಿತಿಯೊಂದು ಇಂಥವರಿಗೆ ಇನ್ನೊಂದು ಅವಕಾಶ ಕೊಡಬಹುದು ಎಂದು ಆಗಷ್ಟೇ ಶಿಫಾರಸು ಮಾಡಿತ್ತು. ಅದನ್ನು ನೋಡಿ ತೀರ್ಮಾನ ಮಾಡಿ ಎಂದು ಕೋರ್ಟು ವಿಷಯವನ್ನು ಕೇಂದ್ರಕ್ಕೆ ಬಿಟ್ಟಿತು. ಅವಕಾಶಗಳ ಸಂಖ್ಯೆ, ವಯೋಮಿತಿ ಎರಡನ್ನೂ ಬದಲಿಸಲು ಆಗೋದಿಲ್ಲ ಎಂದು ಕೇಂದ್ರ ಹೇಳಿತು.

ಆರ್‌ಟಿ-ಪಿಸಿಆರ್ ವರದಿಗೇ ಆಗದ್ದು ನಮ್ಮೂರ ಡಾಕ್ಟರು ಬರೆದುಕೊಟ್ಟ ವೈರಲ್ ಜ್ವರದ ಚೀಟಿಗೆ ಆಗುತ್ತಾ? ದಿನಾಂಕದ ವಿಷಯದಲ್ಲಾದರೆ ಆಗೋದಿಲ್ಲ. ಆದರೆ ಕೇಳೋದೇ ದಂಡ ಅಂತಲ್ಲ. ಪರೀಕ್ಷಾ ಸಂಸ್ಥೆಯ ಮುಂದೆ ಮೂರು ಬೇರೆ ಬೇರೆ ಬೇಡಿಕೆ ಇಡಬಹುದು. ಒಂದು ಬೇರೆ ದಿನ, ಇನ್ನೊಂದು ಬೇರೆ ಕೇಂದ್ರ, ಮತ್ತೊಂದು ಅದೇ ಕೇಂದ್ರದಲ್ಲಿ ಬೇರೆ ಕೊಠಡಿ. ಹೆಚ್ಚಿನವರು ಮೊದಲನೆಯದನ್ನು ಕೇಳಿ, ಇಲ್ಲ ಅನ್ನಿಸಿಕೊಂಡು ಸುಮ್ಮನಾಗುತ್ತಾರೆ. ಸಿಗುವ ಸಾಧ್ಯತೆ ಇರೋದು ಮೂರನೆಯದಕ್ಕೆ.

ದಿನಾಂಕ ಯಾಕೆ ಬದಲಾಗೋದಿಲ್ಲ

ಒಬ್ಬರಿಗಾಗಿ ದಿನಾಂಕ ಬದಲಿಸಿದರೆ ಹೊಸ ಪ್ರಶ್ನೆಪತ್ರಿಕೆ ಬೇಕು. ಹಳೆಯದು ಅಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿರುತ್ತದೆ. ಹೊಸ ಪತ್ರಿಕೆ ಸ್ವಲ್ಪ ಸುಲಭವಾದರೂ ಉಳಿದ ಲಕ್ಷಾಂತರ ಜನ ಕೇಳುತ್ತಾರೆ, ಸ್ವಲ್ಪ ಕಷ್ಟವಾದರೆ ಬರೆದವರು ಕೇಳುತ್ತಾರೆ. ಪಾಸು ಫೇಲು ಮಾತ್ರ ಇರುವ ಪರೀಕ್ಷೆಯಲ್ಲಿ ಇದನ್ನು ಹೇಗೋ ಸಂಭಾಳಿಸಬಹುದು. ರ‍್ಯಾಂಕ್ ಮೇಲೆ ಸೀಟು, ಹುದ್ದೆ ಹಂಚುವ ಪರೀಕ್ಷೆಯಲ್ಲಿ ಅರ್ಧ ಅಂಕದ ಹಿಂದೆಯೂ ಒಬ್ಬ ವಕೀಲರು ನಿಂತಿರುತ್ತಾರೆ.

ಈ ವ್ಯತ್ಯಾಸ ಎಷ್ಟು ಮುಖ್ಯ ಅನ್ನೋದು ಸಿಎ ಪರೀಕ್ಷೆಯ ವಿಷಯದಲ್ಲಿ ಚೆನ್ನಾಗಿ ಕಾಣುತ್ತದೆ. 2021ರ ಜುಲೈ 5ಕ್ಕೆ ಸಿಎ ಪರೀಕ್ಷೆ ಇತ್ತು. ಜೂನ್ 30ಕ್ಕೆ ಸುಪ್ರೀಂ ಕೋರ್ಟು ಒಂದು ಆದೇಶ ಕೊಟ್ಟಿತು. ಅಭ್ಯರ್ಥಿಗೋ ಮನೆಯವರಿಗೋ ಕೋವಿಡ್‌ನಿಂದ ತೊಂದರೆಯಾಗಿದ್ದರೆ ಪರೀಕ್ಷೆಯಿಂದ ಹಿಂದೆ ಸರಿಯಬಹುದು, ಅದನ್ನು ಒಂದು ಪ್ರಯತ್ನ ಅಂತ ಲೆಕ್ಕಕ್ಕೆ ಹಿಡಿಯಬಾರದು ಎಂದಿತು. ಆರ್‌ಟಿ-ಪಿಸಿಆರ್ ವರದಿಯೇ ಬೇಕೆಂದು ಹಟ ಹಿಡಿಯುವಂತಿಲ್ಲ, ನೋಂದಾಯಿತ ವೈದ್ಯರ ಪ್ರಮಾಣಪತ್ರ ಸಾಕು ಎಂದೂ ಹೇಳಿತು. ಯುಪಿಎಸ್‌ಸಿಯವರಿಗೆ ಸಿಗದ್ದು ಸಿಎಯವರಿಗೆ ಸಿಕ್ಕಿದ್ದು ಹೇಗೆ? ಸಿಎ ಪಾಸಾಗುವ ಪರೀಕ್ಷೆ. ನೀವು ಪಾಸಾದರೆ ಪಕ್ಕದವರ ಸೀಟು ಹೋಗೋದಿಲ್ಲ. ಜೊತೆಗೆ ಅದು ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಬರುತ್ತದೆ. ಹಿಂದೆ ಸರಿದವರನ್ನು ಮುಂದಿನ ಸಲಕ್ಕೆ ಸೇರಿಸಿಕೊಂಡರೆ ಸಂಸ್ಥೆಗೆ ಅಂಥ ಹೊರೆಯೇನೂ ಇಲ್ಲ.

ರ‍್ಯಾಂಕ್ ಪರೀಕ್ಷೆಯಲ್ಲೂ ಒಮ್ಮೆ ಬಾಗಿಲು ತೆರೆದಿತ್ತು. 2020ರ ಸೆಪ್ಟೆಂಬರ್ 13ಕ್ಕೆ ನೀಟ್ ನಡೆಯಿತು. ಕೋವಿಡ್ ಆಗಿದ್ದವರು, ಕಂಟೈನ್‌ಮೆಂಟ್ ವಲಯದಲ್ಲಿ ಸಿಕ್ಕಿಕೊಂಡವರು ಬರೆಯಲಾಗಲಿಲ್ಲ. ಅವರಿಗೆ ಅಕ್ಟೋಬರ್ 14ಕ್ಕೆ ಪರೀಕ್ಷೆ ನಡೆಸಲು ಸುಪ್ರೀಂ ಕೋರ್ಟು ಒಪ್ಪಿತು. ಎರಡು ದಿನ ಬಿಟ್ಟು ಎಲ್ಲರ ಫಲಿತಾಂಶ ಒಟ್ಟಿಗೇ ಬಂತು. ಆದರೆ ಅಲ್ಲಿ ಒಂದು ವಿಶೇಷ ಇತ್ತು, ಕೇಂದ್ರ ಸರ್ಕಾರ ಅದನ್ನು ವಿರೋಧಿಸಲಿಲ್ಲ. ಫಲಿತಾಂಶವೂ ಇನ್ನೂ ಬಂದಿರಲಿಲ್ಲ. ಅದೇ ವರ್ಷ ಜೆಇಇ ಅಡ್ವಾನ್ಸ್‌ಡ್ ನಡೆಸುವ ಮಂಡಳಿ ಬೇರೆ ದಾರಿ ಹಿಡಿಯಿತು. ಕೋವಿಡ್‌ನಿಂದ ಪರೀಕ್ಷೆ ತಪ್ಪಿದವರಿಗೆ ಆಗಲೇ ಮರುಪರೀಕ್ಷೆ ಇಲ್ಲ, 2021ರಲ್ಲಿ ಜೆಇಇ ಮೇನ್ ಬರೆಯದೆ ನೇರವಾಗಿ ಬರೆಯಲಿ ಅಂತ ಬಿಟ್ಟಿತು.

ಈ ಮೂರೂ ಕಡೆ ಅನುಕೂಲ ಸಿಕ್ಕಿದ್ದು ಒಂದು ಗುಂಪಿಗೆ, ಅದೂ ಒಂದು ಮಹಾಮಾರಿಯ ಹೆಸರಲ್ಲಿ. ಒಬ್ಬೊಬ್ಬರ ಕಾಯಿಲೆಗೆ ಅಲ್ಲ. ನಮ್ಮ ರಾಜ್ಯದಲ್ಲೂ ಹೀಗೇ. 2024ರಲ್ಲಿ 402 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಸೆಪ್ಟೆಂಬರ್ 22ಕ್ಕೆ ಇತ್ತು. ಅದೇ ದಿನಗಳಲ್ಲಿ ಯುಪಿಎಸ್‌ಸಿ ಮುಖ್ಯ ಪರೀಕ್ಷೆ ಬಿದ್ದಿದ್ದರಿಂದ ಅದನ್ನು ಮುಂದಕ್ಕೆ ಹಾಕಿದರು, ಕೊನೆಗೆ ಅಕ್ಟೋಬರ್ 3ಕ್ಕೆ ನಡೆಯಿತು. ದಿನಾಂಕ ಬದಲಾಯಿತು ನಿಜ, ಎಲ್ಲರಿಗೂ ಒಟ್ಟಿಗೇ ಬದಲಾಯಿತು. ಅಂಥ ಬದಲಾವಣೆಗೆ ವೈದ್ಯಕೀಯ ಪ್ರಮಾಣಪತ್ರದ ಕೆಲಸವೇ ಇಲ್ಲ.

ಹಲವು ದಿನ, ಹಲವು ಪಾಳಿಗಳಲ್ಲಿ ನಡೆಯುವ ಕಂಪ್ಯೂಟರ್ ಪರೀಕ್ಷೆಗಳ ಬಗ್ಗೆ ನನ್ನದೊಂದು ತಕರಾರಿದೆ. ಎಸ್‌ಎಸ್‌ಸಿ, ರೈಲ್ವೆ, ಬ್ಯಾಂಕ್ ಪರೀಕ್ಷೆಗಳಲ್ಲಿ ಪ್ರತಿ ಪಾಳಿಗೂ ಬೇರೆ ಪ್ರಶ್ನೆಪತ್ರಿಕೆ. ಅಂಕಗಳನ್ನು ಸರಿದೂಗಿಸುವ ಲೆಕ್ಕಾಚಾರ ಮೊದಲೇ ಇರುತ್ತದೆ. ಸೋಮವಾರ ಜ್ವರ ಬಂದವರನ್ನು ಗುರುವಾರದ ಪಾಳಿಗೆ ಹಾಕಿದರೆ ಹೊಸ ಪತ್ರಿಕೆಯೇನೂ ಬೇಕಾಗೋದಿಲ್ಲ. ಆದರೂ ಅಧಿಸೂಚನೆಯಲ್ಲಿ ದಿನ, ಪಾಳಿ, ಕೇಂದ್ರ ಬದಲಿಸುವುದಿಲ್ಲ ಅಂತಲೇ ಇರುತ್ತದೆ. ಅವರ ಭಯ ಏನೆಂದರೆ, ಬಾಗಿಲು ತೆರೆದರೆ ಮೊದಲ ದಿನದ ಪ್ರಶ್ನೆಗಳು ಎಂಥವು ಅಂತ ಕೇಳಿಕೊಂಡು ಕೊನೇ ದಿನ ಬರೆಯೋಣ ಅನ್ನುವವರಿಗೆಲ್ಲ ಜ್ವರ ಬರುತ್ತದೆ. ಆ ಭಯ ಸುಳ್ಳಲ್ಲ. ಆದರೆ ಆಸ್ಪತ್ರೆಗೆ ದಾಖಲಾದವರಿಗೆ ಮಾತ್ರ, ದಾಖಲೆ ನೋಡಿ, ಪಾಳಿ ಬದಲಿಸಲು ಏನಡ್ಡಿ ಅನ್ನೋದಕ್ಕೆ ಒಪ್ಪುವಂಥ ಉತ್ತರ ನನಗಂತೂ ಸಿಕ್ಕಿಲ್ಲ. ಜೆಇಇ ಮೇನ್ ಈ ತಲೆನೋವನ್ನು ಬೇರೆ ರೀತಿ ಬಗೆಹರಿಸಿಕೊಂಡಿದೆ. ಜನವರಿ, ಏಪ್ರಿಲ್ ಎರಡೂ ಸಲ ಬರೆಯಬಹುದು, ಹೆಚ್ಚು ಬಂದದ್ದು ಲೆಕ್ಕಕ್ಕೆ. ಒಮ್ಮೆ ಕಾಯಿಲೆ ಬಿದ್ದರೆ ಇನ್ನೊಮ್ಮೆ ಇದೆ.

ಸಿಇಟಿಗೆ ಎರಡು ದಿನ ಇರುವಾಗ ಗುಳ್ಳೆ ಎದ್ದರೆ

ನಮ್ಮ ಸಿಇಟಿಗೆ ಆ ಸೌಲಭ್ಯ ಇಲ್ಲ. ಪಿಯು ಪರೀಕ್ಷೆ ತಪ್ಪಿದರೆ ಅದೇ ವರ್ಷ ಇನ್ನೊಂದು ಅವಕಾಶ ಇದೆ, ಸಿಇಟಿ ತಪ್ಪಿದರೆ ಮುಂದಿನ ವರ್ಷವೇ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಸಿಇಟಿ ಬರೆಯದಿದ್ದರೆ ರ‍್ಯಾಂಕೇ ಇಲ್ಲ. ಇದು ಬರುವುದು ಏಪ್ರಿಲ್‌ನಲ್ಲಿ. ಚಿಕನ್‌ಪಾಕ್ಸ್ ಜಾಸ್ತಿ ಕಾಣಿಸಿಕೊಳ್ಳೋದೂ ಆ ಬೇಸಿಗೆಯಲ್ಲೇ. ಅದಕ್ಕೇ ಈ ಕಾಯಿಲೆಯನ್ನಿಟ್ಟುಕೊಂಡು ಒಂದು ಉದಾಹರಣೆ ಕಟ್ಟೋಣ. ಹುಡುಗಿ ಕಲ್ಪನೆಯವಳು, ದಿನಾಂಕಗಳು 2025ರವು.

ಆ ವರ್ಷ ಸಿಇಟಿ ಏಪ್ರಿಲ್ 16 ಮತ್ತು 17, ಬುಧವಾರ ಮತ್ತು ಗುರುವಾರ. ದಾವಣಗೆರೆ ಹತ್ತಿರದ ಒಂದು ಊರಿನ ಹುಡುಗಿಗೆ 13ರ ಭಾನುವಾರ ಬೆಳಿಗ್ಗೆ ಎದೆ, ಬೆನ್ನಿನ ಮೇಲೆ ನೀರುಗುಳ್ಳೆ ಕಾಣಿಸಿಕೊಳ್ಳುತ್ತವೆ. ಮೈ ಬಿಸಿ ಇದೆ. ಅಜ್ಜಿ ನೋಡಿದ ಕೂಡಲೇ "ಅಮ್ಮ ಆಗಿದೆ" ಅನ್ನುತ್ತಾರೆ. ಬೇವಿನ ಸೊಪ್ಪು ಬರುತ್ತದೆ, ಒಗ್ಗರಣೆ ನಿಲ್ಲುತ್ತದೆ. ಅಮ್ಮ ಆದವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬಾರದು ಅನ್ನೋದು ಇನ್ನೂ ಎಷ್ಟೋ ಮನೆಗಳಲ್ಲಿದೆ.

ಮೊದಲ ಪೆಟ್ಟು ಬೀಳೋದು ಇಲ್ಲೇ. ಆಸ್ಪತ್ರೆಗೆ ಹೋಗದಿದ್ದರೆ ಪ್ರಮಾಣಪತ್ರ ಹುಟ್ಟೋದೇ ಇಲ್ಲ. ಔಷಧಿಯ ದೃಷ್ಟಿಯಿಂದಲೂ ತಡ ಮಾಡಬಾರದು. ವೈರಾಣು ವಿರುದ್ಧ ಕೊಡುವ ಅಸೈಕ್ಲೊವಿರ್ ಮಾತ್ರೆ ಗುಳ್ಳೆ ಕಂಡ ಒಂದು ದಿನದೊಳಗೆ ಶುರು ಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಹದಿನೇಳು ಹದಿನೆಂಟರ ವಯಸ್ಸಿನವರಿಗೆ ಇದು ಚಿಕ್ಕ ಮಕ್ಕಳಿಗಿಂತ ಜೋರಾಗಿಯೇ ಕಾಡುತ್ತದೆ. ಜೊತೆಗೆ ಆ ವರ್ಷ 14ರ ಸೋಮವಾರ ಅಂಬೇಡ್ಕರ್ ಜಯಂತಿ, ಸರ್ಕಾರಿ ರಜೆ. ಕಚೇರಿಗಳು ತೆರೆಯೋದು 15ಕ್ಕೆ. ಭಾನುವಾರವೇ ಡಾಕ್ಟರಿಗೆ ತೋರಿಸಿದರೆ ಕೈಯಲ್ಲಿ ಎರಡು ದಿನ ಇರುತ್ತದೆ. ಸೋಮವಾರ ಸಂಜೆವರೆಗೆ ಕಾದರೆ ಒಂದೇ ದಿನ.

ಈಗ ಲೆಕ್ಕ ಹಾಕಿ. ಚಿಕನ್‌ಪಾಕ್ಸ್ ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವ ತನಕ ಬೇರೆಯವರಿಗೆ ಹರಡುತ್ತದೆ. ಅದಕ್ಕೆ ಸಾಮಾನ್ಯವಾಗಿ ಐದರಿಂದ ಏಳು ದಿನ ಬೇಕು. 13ಕ್ಕೆ ಶುರುವಾದದ್ದು 18ಕ್ಕೋ 20ಕ್ಕೋ ಮುಗಿಯಬಹುದು. ಅಂದರೆ ಎರಡೂ ಪರೀಕ್ಷೆಯ ದಿನ ಹುಡುಗಿಯಿಂದ ಸೋಂಕು ಹರಡಬಹುದು. ಆದರೆ ಜ್ವರ ಇಳಿದರೆ ಕೂತು ಬರೆಯುವ ಶಕ್ತಿ ಇರುತ್ತದೆ. ಒಂದೊಂದು ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ. ಬರೆಯಬಲ್ಲಳು, ಬೇರೆಯವರ ಜೊತೆ ಕೂರುವಂತಿಲ್ಲ. ಪ್ರತ್ಯೇಕ ಕೊಠಡಿಯ ಬೇಡಿಕೆ ನಿಲ್ಲೋದು ಇಂಥ ಸಂದರ್ಭದಲ್ಲೇ, ಯಾಕೆಂದರೆ ಇಲ್ಲಿ ಕೊಠಡಿ ಕೊಡುವುದರಿಂದ ಲಾಭ ಪಡೆಯೋದು ಅವಳೊಬ್ಬಳೇ ಅಲ್ಲ. ಅದೇ ಕೊಠಡಿಯಲ್ಲಿ ಕೂರಬೇಕಿದ್ದ ಉಳಿದ ಮಕ್ಕಳಿದ್ದಾರೆ. ಮೇಲ್ವಿಚಾರಕರಲ್ಲಿ ಗರ್ಭಿಣಿ ಇದ್ದರಂತೂ ಅವರಿಗೆ ಇದು ನಿಜವಾಗಿ ಅಪಾಯ.

ಬೇರೆ ಕೇಂದ್ರ, ಉದಾಹರಣೆಗೆ ಮನೆ ಹತ್ತಿರದ ಕಾಲೇಜನ್ನು, ಯಾಕೆ ಕೇಳಬಾರದು? ಪ್ರಶ್ನೆಪತ್ರಿಕೆಗಳು ಖಜಾನೆಯಿಂದ ಹೊರಡುವಾಗ ಪ್ರತಿ ಕೇಂದ್ರಕ್ಕೆ ಎಷ್ಟು ಅಂತ ಎಣಿಸಿ, ಮೊಹರು ಹಾಕಿ, ಒಬ್ಬ ಅಧಿಕಾರಿಯ ಕೈಯಲ್ಲಿ ಕಳಿಸಿರುತ್ತಾರೆ. ಹಾಜರಿ ಪಟ್ಟಿ ಆ ಕೇಂದ್ರದ ಹೆಸರಲ್ಲೇ ಇರುತ್ತದೆ. ಅವಳ ಹೆಸರು ಇಲ್ಲದ ಕಾಲೇಜಿನಲ್ಲಿ ಅವಳಿಗೆ ಪತ್ರಿಕೆಯೂ ಇಲ್ಲ, ಒಎಂಆರ್ ಹಾಳೆಯೂ ಇಲ್ಲ. ಬದಲಿಸಬೇಕೆಂದರೆ ಬೆಂಗಳೂರಿನ ಪರೀಕ್ಷಾ ಪ್ರಾಧಿಕಾರದಿಂದ ಜಿಲ್ಲೆಯವರೆಗೆ ನಾಲ್ಕಾರು ಜನ ಸಹಿ ಹಾಕಬೇಕು. ಆಸ್ಪತ್ರೆ ಹಾಸಿಗೆಯಲ್ಲಿ ಬರೆಯಬೇಕೆಂದರೆ ಇದರ ಮೇಲೆ ಒಬ್ಬ ವೀಕ್ಷಕರು, ಒಬ್ಬ ಮೇಲ್ವಿಚಾರಕರು, ಕಾವಲಿಗೆ ಪೊಲೀಸರು. 2020ರ ಜುಲೈ 30, 31ರ ಸಿಇಟಿಯಲ್ಲಿ ಕೋವಿಡ್ ಸೋಂಕಿತರಿಗೆ ಪ್ರತ್ಯೇಕ ವ್ಯವಸ್ಥೆ ಮಾಡಿದ್ದರು. ಆದರೆ ಅದಕ್ಕೆ ಇಡೀ ಸರ್ಕಾರ ಮೊದಲೇ ಸಿದ್ಧವಾಗಿತ್ತು. ಒಬ್ಬ ಹುಡುಗಿಗೆ ಎರಡು ದಿನದಲ್ಲಿ ಅಷ್ಟೆಲ್ಲ ಆಗೋದು ಕಷ್ಟ. ಅದೇ ಕಾಲೇಜಿನಲ್ಲಿ ಒಂದು ಖಾಲಿ ಕೊಠಡಿ, ಅಲ್ಲಿಗೆ ಒಬ್ಬ ಹೆಚ್ಚುವರಿ ಮೇಲ್ವಿಚಾರಕರು ಅಂದರೆ ಯಾವ ಮೊಹರನ್ನೂ ಬೇರೆ ಕಡೆ ಒಡೆಯಬೇಕಿಲ್ಲ, ಯಾವ ಪಟ್ಟಿಯನ್ನೂ ತಿದ್ದಬೇಕಿಲ್ಲ.

ಹಾಗಾಗಿ ಕೊಠಡಿ ಕೇಳುವ ಪತ್ರ ಹಿಡಿದು ಅಪ್ಪ ಮೊದಲು ಹೋಗಬೇಕಾದದ್ದು ಬೆಂಗಳೂರಿಗಲ್ಲ, ಹಾಲ್ ಟಿಕೆಟ್‌ನಲ್ಲಿರುವ ಕಾಲೇಜಿಗೆ. ಅಲ್ಲಿನ ಪ್ರಾಂಶುಪಾಲರೇ ಸಾಮಾನ್ಯವಾಗಿ ಕೇಂದ್ರದ ಮುಖ್ಯಸ್ಥರು. ರಜೆಯ ದಿನವಾದರೂ ಪರೀಕ್ಷೆಗೆ ಎರಡು ದಿನ ಇರುವಾಗ ಅಲ್ಲಿ ಯಾರಾದರೂ ಇರುವ ಸಾಧ್ಯತೆ ಜಾಸ್ತಿ. ಅದೇ ಪತ್ರವನ್ನು ಪರೀಕ್ಷಾ ಪ್ರಾಧಿಕಾರಕ್ಕೆ ಇಮೇಲ್ ಮಾಡಿ, ಜಿಲ್ಲಾಧಿಕಾರಿ ಕಚೇರಿಗೂ ಒಂದು ಪ್ರತಿ ಕೊಡಬೇಕು. ಇಮೇಲ್‌ಗೆ ಉತ್ತರ ಬರದೇ ಇರಬಹುದು. ಆದರೂ ಕಳಿಸಬೇಕು, ಯಾಕೆಂದರೆ ಪ್ರಾಂಶುಪಾಲರು ಮೇಲಿನವರಿಗೆ ಫೋನ್ ಮಾಡಿ ಕೇಳುವಾಗ "ಇಂಥ ಸಮಯಕ್ಕೆ ನಿಮಗೂ ಪತ್ರ ಬಂದಿದೆ" ಅನ್ನಲು ಅದು ಬೇಕಾಗುತ್ತದೆ. ಕಾಲೇಜಿಗೆ ಕೊಟ್ಟ ಪ್ರತಿಯ ಮೇಲೆ ಸ್ವೀಕೃತಿ ಸಹಿ, ದಿನಾಂಕ, ಸಾಧ್ಯವಾದರೆ ಸಮಯ ಬರೆಸಿಕೊಳ್ಳಬೇಕು.

ಪತ್ರ ಉದ್ದ ಇರಬಾರದು. ಹೀಗಿದ್ದರೆ ಸಾಕು:

"ಮಾನ್ಯರೇ, ನನ್ನ ಮಗಳು ನಿಮ್ಮ ಕೇಂದ್ರದಲ್ಲಿ 16 ಮತ್ತು 17ನೇ ತಾರೀಖು ಸಿಇಟಿ ಬರೆಯಬೇಕಾಗಿದೆ. ಹಾಲ್ ಟಿಕೆಟ್ ಪ್ರತಿ ಲಗತ್ತಿಸಿದ್ದೇನೆ. ಅವಳಿಗೆ 13ರಂದು ಚಿಕನ್‌ಪಾಕ್ಸ್ ಕಾಣಿಸಿಕೊಂಡಿದೆ. ಬರೆಯಬಲ್ಲಳು, ಆದರೆ ಬೇರೆಯವರಿಗೆ ಹರಡಬಹುದು ಎಂದು ವೈದ್ಯರು ತಿಳಿಸಿದ್ದಾರೆ. ಪ್ರಮಾಣಪತ್ರ ಲಗತ್ತಿಸಿದ್ದೇನೆ. ದಯವಿಟ್ಟು ಇದೇ ಕೇಂದ್ರದಲ್ಲಿ, ಇದೇ ಸಮಯಕ್ಕೆ, ಅವಳನ್ನು ಬೇರೆ ಕೊಠಡಿಯಲ್ಲಿ ಕೂರಿಸಬೇಕೆಂದು ಕೋರುತ್ತೇನೆ. ಹೆಚ್ಚಿನ ಸಮಯ ಕೇಳುತ್ತಿಲ್ಲ. ಎರಡು ಪತ್ರಿಕೆಗಳ ನಡುವಿನ ಬಿಡುವಿನಲ್ಲೂ ಅಲ್ಲೇ ಇರಲು ಅನುಮತಿ ಕೊಡಬೇಕು. ಮೊದಲೇ ಚಿಕನ್‌ಪಾಕ್ಸ್ ಆಗಿದ್ದ ಅಥವಾ ಲಸಿಕೆ ಹಾಕಿಸಿಕೊಂಡ ಮೇಲ್ವಿಚಾರಕರನ್ನು ನೇಮಿಸಿದರೆ ಒಳ್ಳೆಯದು."

"ಹೆಚ್ಚಿನ ಸಮಯ ಕೇಳುತ್ತಿಲ್ಲ" ಅನ್ನುವ ಸಾಲು ಸುಮ್ನೆ ಹಾಕಿದ್ದಲ್ಲ. ಪತ್ರ ಓದುವ ಅಧಿಕಾರಿಯ ತಲೆಯಲ್ಲಿ ಮೊದಲು ಬರುವ ಅನುಮಾನ ಅದೇ. ಇವರಿಗೆ ಕೊಟ್ಟದ್ದು ನಾಳೆ ನನ್ನ ಕುತ್ತಿಗೆಗೆ ಬರುತ್ತಾ ಅನ್ನೋದು. ಅದೇ ಪತ್ರಿಕೆ, ಅದೇ ಗಂಟೆ, ಅದೇ ಕಟ್ಟಡ ಅಂತ ಬರೆದರೆ ಆ ಅನುಮಾನ ಅರ್ಧ ಇಳಿಯುತ್ತದೆ.

ಬಿಡುವಿನ ವಿಷಯ ಹೆಚ್ಚಿನವರಿಗೆ ಹೊಳೆಯೋದಿಲ್ಲ. ಬೆಳಗಿನ ಪತ್ರಿಕೆ 11.50ಕ್ಕೆ ಮುಗಿಯುತ್ತದೆ, ಮಧ್ಯಾಹ್ನದ್ದು 2.30ಕ್ಕೆ. ಎರಡೂವರೆ ಗಂಟೆಗೂ ಜಾಸ್ತಿ. ಆ ಹೊತ್ತು ಅವಳು ಕಾಲೇಜಿನ ಮರದ ಕೆಳಗೆ ಎಲ್ಲರ ನಡುವೆ ಬುತ್ತಿ ಬಿಚ್ಚಿ ಕೂತರೆ ಪ್ರತ್ಯೇಕ ಕೊಠಡಿ ಕೊಟ್ಟು ಏನು ಬಂತು? ಒಳಗೆ ಬಿಡಲು ಆಗದಿದ್ದರೆ ಒಂದು ಗಾಡಿಯಲ್ಲಾದರೂ ಕೂರಿಸಿಕೊಳ್ಳುವ ವ್ಯವಸ್ಥೆ ಮನೆಯವರೇ ಮಾಡಬೇಕು. ಬೆಳಿಗ್ಗೆ ಸಾಲಿನಲ್ಲಿ ನಿಲ್ಲದೆ ಒಳಗೆ ಹೋಗಲು ಬೇಗ ಬರಬೇಕು. ತಪಾಸಣೆ ಮಾಡುವವರಿಗೂ ಮೊದಲೇ ಹೇಳಿರಬೇಕು.

ಪ್ರಮಾಣಪತ್ರದಲ್ಲಿ ಏನಿರಬೇಕು

ಹೆಚ್ಚಿನ ಅರ್ಜಿಗಳು ಸೋಲುವುದು ಕಾಯಿಲೆ ಸಣ್ಣದು ಅಂತಲ್ಲ, ಪ್ರಮಾಣಪತ್ರ ಬೇಡಿಕೆಗೆ ಹೊಂದೋದಿಲ್ಲ ಅಂತ. ಡಾಕ್ಟರ ಬಳಿ ಹೋಗಿ "ಸರ್, ಒಂದು ಮೆಡಿಕಲ್ ಸರ್ಟಿಫಿಕೇಟ್ ಬೇಕಿತ್ತು" ಅಂದರೆ ಅವರು ಕೈಗೆ ಬಂದ ಹಾಗೆ ರಜೆಗೆ ಕೊಡುವ ನಮೂನೆ ಬರೆದುಕೊಡುತ್ತಾರೆ. ಏಳು ದಿನ ವಿಶ್ರಾಂತಿ ಬೇಕು, ಕೆಲಸಕ್ಕೆ ಅಸಮರ್ಥ ಅಂತ. ಅದನ್ನು ಹಿಡಿದುಕೊಂಡು ಬೇರೆ ಕೊಠಡಿಯಲ್ಲಿ ಪರೀಕ್ಷೆ ಬರೆಸಿ ಅಂದರೆ ಪ್ರಾಂಶುಪಾಲರು ಏನು ಮಾಡಬೇಕು? ಹಾಸಿಗೆಯಲ್ಲಿರಬೇಕು ಅಂತ ಡಾಕ್ಟರೇ ಬರೆದಿರುವವರನ್ನು ಕೂರಿಸಿ, ಅವಳು ಅಲ್ಲೇ ಬಿದ್ದರೆ ಜವಾಬ್ದಾರಿ ಯಾರದು?

ಹಾಗಾಗಿ ಡಾಕ್ಟರಿಗೆ ವಿಷಯ ಬಿಡಿಸಿ ಹೇಳಬೇಕು. ಪರೀಕ್ಷೆ ಇಂಥ ದಿನ, ಇಷ್ಟು ಹೊತ್ತು, ಅವಳು ಬರೆಯಬೇಕೆಂದಿದ್ದಾಳೆ, ಬರೆಯಬಹುದಾ ನೋಡಿ ಅಂತ. ಬರೆಯಬಹುದು ಎಂದು ಅವರಿಗೆ ಅನಿಸಿದರೆ ಪ್ರಮಾಣಪತ್ರದಲ್ಲಿ ಕಾಯಿಲೆಯ ಹೆಸರು, ಅದು ಶುರುವಾದ ದಿನ, ತಾವು ಪರೀಕ್ಷಿಸಿದ ದಿನ, ಸುಮಾರು ಯಾವತ್ತಿನವರೆಗೆ ಹರಡಬಹುದು, ಕೂತು ಬರೆಯುವಷ್ಟು ಆರೋಗ್ಯ ಇದೆ, ಪ್ರತ್ಯೇಕ ಕೊಠಡಿ ಸೂಕ್ತ ಎನ್ನುವ ಮಾತುಗಳು ಬರಬೇಕು. "ಅನಾರೋಗ್ಯದಿಂದ ಬಳಲುತ್ತಿದ್ದಾರೆ" ಅಂತ ಮಾತ್ರ ಇದ್ದರೆ ಅದು ಯಾವ ಕೆಲಸಕ್ಕೂ ಬರೋದಿಲ್ಲ. ಕೆಳಗೆ ಡಾಕ್ಟರ ನೋಂದಣಿ ಸಂಖ್ಯೆ, ಸಹಿ, ಮೊಹರು. ಖಾಸಗಿ ಕ್ಲಿನಿಕ್‌ನದು ನಡೆಯೋದಿಲ್ಲ ಅಂತೇನಿಲ್ಲ, ಆದರೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯದಾದರೆ ಪ್ರಶ್ನೆ ಕಮ್ಮಿ.

ಡಾಕ್ಟರು ಬರೆದುಕೊಟ್ಟು ಮರೆತುಬಿಡೋ ಕಾಗದ ಇದಲ್ಲ. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳ ಪ್ರಕಾರ ತಾವು ಕೊಟ್ಟ ಪ್ರಮಾಣಪತ್ರಗಳಿಗೆ ಅವರು ಒಂದು ರಿಜಿಸ್ಟರ್ ಇಡಬೇಕು. ರೋಗಿಯ ವಿಳಾಸ, ಸಹಿ ಅಥವಾ ಹೆಬ್ಬೆಟ್ಟು, ಒಂದು ಗುರುತಿನ ಚಿಹ್ನೆ ಅದರಲ್ಲಿರಬೇಕು. ಪ್ರಮಾಣಪತ್ರದ ಪ್ರತಿಯನ್ನೂ ಇಟ್ಟುಕೊಂಡಿರಬೇಕು. ಅನುಮಾನ ಬಂದರೆ ಸಂಸ್ಥೆ ತಾಳೆ ನೋಡೋದು ಇದನ್ನೇ. ಹಿಂದಿನ ದಿನಾಂಕ ಹಾಕಿಸಿಕೊಂಡ ಪ್ರಮಾಣಪತ್ರ ಸಿಕ್ಕಿಬೀಳೋದೂ ಇಲ್ಲೇ. ರಿಜಿಸ್ಟರಿನಲ್ಲಿ ಅದರ ಹಿಂದೆ ಮುಂದೆ ಇರುವ ಹೆಸರುಗಳ ದಿನಾಂಕ ಬೇರೆಯೇ ಇರುತ್ತದೆ. ಸುಳ್ಳು ಪ್ರಮಾಣಪತ್ರ ಕೊಟ್ಟ ವೈದ್ಯರ ಹೆಸರನ್ನೇ ನೋಂದಣಿಯಿಂದ ತೆಗೆಯಬಹುದು. ಯುಪಿಎಸ್‌ಸಿಯಂಥ ಸಂಸ್ಥೆಗಳು ನಕಲಿ ದಾಖಲೆ ಕೊಟ್ಟವರನ್ನು ಮುಂದಿನ ಪರೀಕ್ಷೆಗಳಿಂದಲೂ ಹೊರಗಿಡುತ್ತವೆ. ಆಸ್ಪತ್ರೆಗೆ ದಾಖಲಾಗಿದ್ದರೆ ಅದೇ ನಿಯಮಗಳಡಿ ನಿಮ್ಮ ಚಿಕಿತ್ಸೆಯ ದಾಖಲೆ ಕೇಳಬಹುದು. ಕೇಳಿದ 72 ಗಂಟೆಯೊಳಗೆ ಕೊಡಬೇಕು. ಪರೀಕ್ಷೆ ಎರಡು ದಿನದಲ್ಲಿದ್ದಾಗ 72 ಗಂಟೆ ತುಂಬಾ ತಡ, ಹಾಗಾಗಿ ಹೊರರೋಗಿ ಚೀಟಿ, ರಕ್ತಪರೀಕ್ಷೆ ವರದಿಗಳ ಫೋಟೋ ಅಲ್ಲಲ್ಲೇ ತೆಗೆದಿಟ್ಟುಕೊಳ್ಳೋದು ಒಳ್ಳೆಯದು.

ಬೇಡಿಕೆ ಕಾಯಿಲೆಯಿಂದ ಕಾಯಿಲೆಗೆ ಬದಲಾಗಬೇಕು. ಡೆಂಗಿ ಆದವರು ಪ್ರತ್ಯೇಕ ಕೊಠಡಿ ಕೇಳುವುದರಲ್ಲಿ ಅರ್ಥವಿಲ್ಲ. ಅದು ಸೊಳ್ಳೆಯಿಂದ ಹರಡುವುದೇ ಹೊರತು ಪಕ್ಕದಲ್ಲಿ ಕೂತವರಿಗಲ್ಲ. ಅವರು ಕೇಳಬೇಕಾದದ್ದು ಕೆಳಮಹಡಿಯ ಕೊಠಡಿ, ಶೌಚಾಲಯದ ಹತ್ತಿರದ ಜಾಗ, ಪಾರದರ್ಶಕ ಬಾಟಲಿಯಲ್ಲಿ ನೀರು. ಡೆಂಗಿಯಲ್ಲಿ ಇನ್ನೊಂದು ಮೋಸ ಇದೆ. ಮೂರರಿಂದ ಏಳನೇ ದಿನದೊಳಗೆ ಜ್ವರ ಇಳಿದಾಗ ಹುಷಾರಾಯಿತು ಅನಿಸುತ್ತದೆ. ಅಪಾಯ ಜಾಸ್ತಿ ಇರೋದು ಆಗಲೇ. ವಿಪರೀತ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಿಂದ ರಕ್ತ ಕಂಡರೆ ಯಾವ ಕೊಠಡಿಯೂ ಬೇಡ, ಆಸ್ಪತ್ರೆಗೇ ಹೋಗಬೇಕು.

ಬಲಗೈ ಮುರಿದವರದು ಎಲ್ಲಕ್ಕಿಂತ ಬಿಕ್ಕಟ್ಟು. ಎಸ್‌ಎಸ್‌ಎಲ್‌ಸಿ, ಪಿಯು ಪರೀಕ್ಷೆಗಳಲ್ಲಿ ಬರೆಯುವ ಸಹಾಯಕರನ್ನು ಕೊಡುವುದನ್ನು ನೋಡಿ ಇಲ್ಲೂ ಸಿಗುತ್ತದೆ ಅಂದುಕೊಳ್ಳುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಸಹಾಯಕರ ನಿಯಮ ನಿಂತಿರೋದು ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಮೇಲೆ. ಆ ಕಾಯ್ದೆ ಹೇಳೋದು ದೀರ್ಘಕಾಲದ ತೊಂದರೆಯ ಬಗ್ಗೆ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಯುಪಿಎಸ್‌ಸಿ ಅಭ್ಯರ್ಥಿಗೆ 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಸಹಾಯಕರನ್ನು ಪಡೆಯುವ ಹಕ್ಕು ಕೊಟ್ಟಿತು. ಶೇ 40ಕ್ಕಿಂತ ಕಡಿಮೆ ವೈಕಲ್ಯ ಇರುವವರಿಗೂ ಅದು ಸಿಗುವಂತೆ 2022ರ ಆಗಸ್ಟ್‌ನಲ್ಲಿ ಕೇಂದ್ರ ಮಾರ್ಗಸೂಚಿ ತಂದಿತು. ಮೂರು ದಿನದ ಹಿಂದೆ ಬೈಕಿನಿಂದ ಬಿದ್ದು ಕೈ ಮುರಿದುಕೊಂಡವರು ಇದರೊಳಗೆ ಸುಲಭವಾಗಿ ಬರೋದಿಲ್ಲ. ಇದನ್ನು ಕೇಂದ್ರದ ಮುಖ್ಯಸ್ಥರ ಮಟ್ಟದಲ್ಲಿ ಕೇಳಿ ಪ್ರಯೋಜನವಿಲ್ಲ, ನೇರವಾಗಿ ಸಂಸ್ಥೆಯ ಮುಖ್ಯ ಕಚೇರಿಗೇ ಬರೆಯಬೇಕು. ಇಲ್ಲ ಅಂದರೆ ಒಎಂಆರ್ ಹಾಳೆಯಲ್ಲಿ ವೃತ್ತ ತುಂಬುವುದನ್ನು ಎಡಗೈಯಲ್ಲಿ ರೂಢಿ ಮಾಡಿಕೊಳ್ಳೋದಷ್ಟೇ ಉಳಿಯುತ್ತದೆ.

ಇಲ್ಲ ಅಂದರೆ

ಕೋರ್ಟಿಗೆ ಹೋಗಬಹುದು. ಬೆಂಗಳೂರು, ಧಾರವಾಡ, ಕಲಬುರಗಿ ಮೂರೂ ಕಡೆ ಹೈಕೋರ್ಟ್ ಪೀಠ ಇದೆ. ತುರ್ತು ಅರ್ಜಿ ಹಾಕಿ ಅದೇ ದಿನ ವಿಚಾರಣೆಗೆ ಕೋರಬಹುದು. ಅಲ್ಲಿ ಕೇಳುವ ಮೊದಲ ಪ್ರಶ್ನೆ, ನೀವು ಸಂಸ್ಥೆಗೆ ಮನವಿ ಕೊಟ್ಟಿದ್ದೀರಾ ಅನ್ನೋದು. ಸ್ವೀಕೃತಿ ಸಹಿ ಆಗ ಕೆಲಸಕ್ಕೆ ಬರುತ್ತದೆ. ಆನ್‌ಲೈನ್ ದೂರು ವ್ಯವಸ್ಥೆಗಳು ಇಂಥ ಹೊತ್ತಿಗೆ ಒದಗೋದಿಲ್ಲ, ಕೇಂದ್ರ ಸರ್ಕಾರದ ದೂರು ಪೋರ್ಟಲ್‌ನಲ್ಲಿ ಉತ್ತರಕ್ಕೇ 21 ದಿನದ ಗಡುವು.

ಕೋರ್ಟಿನಲ್ಲೂ ಬೇರೆ ಕೊಠಡಿ ಕೇಳುವವರಿಗೂ ಮರುಪರೀಕ್ಷೆ ಕೇಳುವವರಿಗೂ ತುಂಬಾ ವ್ಯತ್ಯಾಸ ಇದೆ. ಪರೀಕ್ಷೆಗೆ ಮುಂಚೆ ಬಂದರೆ ನ್ಯಾಯಾಧೀಶರು ಒಂದು ಸಾಲಿನ ನಿರ್ದೇಶನ ಕೊಟ್ಟು ಮುಗಿಸಬಹುದು. ಮುಗಿದ ಮೇಲೆ ಬಂದರೆ ಉಳಿದವರ ರ‍್ಯಾಂಕ್ ಪ್ರಶ್ನೆ ಎದ್ದು ನಿಲ್ಲುತ್ತದೆ. ಸಂಸ್ಥೆಯದೇ ತಪ್ಪಿದ್ದಾಗಲೂ ಹೀಗೇ ಆಗಿದೆ. ಬರವಣಿಗೆಯ ತೊಂದರೆ ಇದ್ದ ಒಬ್ಬ ನೀಟ್ ಅಭ್ಯರ್ಥಿಗೆ ಸಿಗಬೇಕಿದ್ದ ಒಂದು ಗಂಟೆ ಹೆಚ್ಚುವರಿ ಸಮಯವನ್ನು ಕೇಂದ್ರದಲ್ಲಿ ಕೊಡಲಿಲ್ಲ. 2021ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಅದು ಅನ್ಯಾಯ ಅಂತ ಒಪ್ಪಿತು. ಹಾಗಿದ್ದರೂ ಮರುಪರೀಕ್ಷೆ ಕೊಡಲಿಲ್ಲ, ಬೇರೆ ರೀತಿ ಸರಿಪಡಿಸಲು ಆಗುತ್ತಾ ನೋಡಿ ಎಂದಿತು.

ನಾಗರಿಕ ಸೇವಾ ಪರೀಕ್ಷೆ ಬರೆಯುವವರು ಮಾತ್ರ ಇನ್ನೊಂದು ವಿಷಯ ಗಮನದಲ್ಲಿಡಬೇಕು. ಯುಪಿಎಸ್‌ಸಿ ಪೂರ್ವಭಾವಿ ಪರೀಕ್ಷೆಗೆ ಅರ್ಜಿ ಹಾಕಿ ಹೋಗದಿದ್ದರೆ ಅದು ಪ್ರಯತ್ನವಾಗಿ ಲೆಕ್ಕಕ್ಕೆ ಬರೋದಿಲ್ಲ. ಒಂದು ಪತ್ರಿಕೆಗೆ ಕೂತರೂ ಲೆಕ್ಕಕ್ಕೆ ಬರುತ್ತದೆ. 103 ಡಿಗ್ರಿ ಜ್ವರದಲ್ಲಿ ಬೆಳಗಿನ ಪತ್ರಿಕೆಗೆ ಕೂತು, ಮಧ್ಯಾಹ್ನ ಆಗದೆ ಎದ್ದು ಬಂದರೆ ಒಂದು ಅವಕಾಶ ಹೋಯಿತು. ಆಮೇಲೆ ಎಂಥ ಪ್ರಮಾಣಪತ್ರ ಕೊಟ್ಟರೂ ಅದು ವಾಪಸ್ ಬರೋದಿಲ್ಲ. ಸಾಮಾನ್ಯ ವರ್ಗದವರಿಗೆ ಇರೋದೇ ಆರು ಅವಕಾಶ. ಹೋಗಬೇಕಾ ಬೇಡವಾ ಅನ್ನೋದನ್ನು ಗೇಟಿನ ಒಳಗೆ ಕಾಲಿಡುವ ಮುಂಚೆ, ಡಾಕ್ಟರನ್ನು ಕೇಳಿಯೇ ತೀರ್ಮಾನಿಸಬೇಕು.